ಅರವತ್ತು ನಲವತ್ತರ ಚೀಟಿ

ಉರಿಗಾಂನ ಇಂದ್ರಾಣಿ ಕೂತಲ್ಲಿ ಕೂರುವವಳಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೂ ಕಣ್ಣು ಬೀದಿಯಲ್ಲಿ, ಬಾಯಿ ಯಾರನ್ನೋ ಬೈಯುತ್ತಿರುತ್ತದೆ. ಮೂವತ್ತು ವರ್ಷದಲ್ಲಿ ಅವಳು ಹೊಲಿದದ್ದು ಬಿಗಿಯಾಯಿತೆಂದು ವಾಪಸ್ ಬಂದರೆ ತಪ್ಪು ಯಾವಾಗಲೂ ಒಗೆದವರದು.

ಮೊನ್ನೆ ಆ ತಪ್ಪು ಪಕ್ಕದ ಮನೆಯ ಮಾರಿಯಮ್ಮನ ತಲೆಗೆ ಬಂತು. ಬಂಗಾರಪೇಟೆಯ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿರುವ ಮಾರಿಯಮ್ಮನೇ ಹೋದ ವರ್ಷದಂತೆ ಈ ಸಲವೂ ಅಲ್ಲಿನ ಹನ್ನೆರಡು ಕೋಟುಗಳ ಕೆಲಸ ಇಂದ್ರಾಣಿಗೆ ಕೊಡಿಸಿದ್ದಳು. ಮೊದಲು ಹೊಲಿದದ್ದು ಅವಳದನ್ನೇ. ಆಸ್ಪತ್ರೆ ಬಟ್ಟೆ ಎಂದು ಮಾರಿಯಮ್ಮ ಅದನ್ನು ಬಿಸಿನೀರಲ್ಲಿ ಒಗೆದಳು. ತೋಳು ಮಣಿಕಟ್ಟು ಬಿಟ್ಟು ಮೇಲೇರಿತು.

“ಅನ್ನ ಬೇಯ್ಸಿದಂಗೆ ಬೇಯ್ಸಿದೀಯ ಕಣಕ್ಕಾ!” ಇಂದ್ರಾಣಿ ಕೂಗಿದ್ದು ಇಡೀ ಬೀದಿಗೆ ಕೇಳಿತು.

“ಓದ್ ವರ್ಸದ್ ಕೋಟ್ನೂ ಇಂಗೇ ಒಗ್ದೆ. ಅದ್ಯಾಕ್ ಕುಗ್ಲಿಲ್ಲ?” ಎಂದು ಮಾರಿಯಮ್ಮ ಕೋಟನ್ನು ಅಲ್ಲೇ ಇಟ್ಟು ಹೋದಳು.

ಆ ಪ್ರಶ್ನೆ ಇಂದ್ರಾಣಿಯನ್ನು ಬಿಡಲಿಲ್ಲ. ಸೋಮವಾರಕ್ಕೆ ಉಳಿದ ಹನ್ನೊಂದು ಕೋಟು ಬೇಕು. ಕತ್ತರಿ ಎತ್ತಿದಳು, ಇಟ್ಟಳು. ಕಾಫಿ ಕಾಸಿ ಕುಡಿಯದೇ ಬಿಟ್ಟಳು. ನರ್ಸಿಂಗ್ ಹೋಮಿನವರು ಕೊಟ್ಟಿದ್ದ ಬಟ್ಟೆಯ ಥಾನಿನ ಚೀಟಿಯಲ್ಲಿ ಅರವತ್ತು, ನಲವತ್ತು ಎಂದಿತ್ತು. ಕಳೆದ ವರ್ಷದ್ದರಲ್ಲಿ ಅರವತ್ತೈದು, ಮೂವತ್ತೈದು. ಅಂಕಿಗಳ ಜೊತೆಗಿದ್ದ ಇಂಗ್ಲಿಷ್ ಅವಳಿಗೆ ಬರದು, ಅದನ್ನು ಯಾರಿಗೂ ಹೇಳಿಲ್ಲ. ಮೊದಲ ಅಂಕಿ ಪಾಲಿಯೆಸ್ಟರಿನದು ಎಂಬುದು ಅವಳದೇ ಲೆಕ್ಕ. ಪಾಲಿಯೆಸ್ಟರ್ ಜಾಸ್ತಿಯಿದ್ದರೆ ಬಟ್ಟೆ ಕುಗ್ಗದು, ನೆನೆಸದೆ ಕತ್ತರಿಸಿದರೂ ನಡೆಯುತ್ತದೆ ಎಂದು ಹಾಗೇ ಕತ್ತರಿಸಿದ್ದಳು.

ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು. ಸುಕ್ಕು ಹಾಗೇ ನಿಂತಿತು. ಹೋದ ವರ್ಷದ ತುಂಡು ಹಿಂಡಿದರೆ ಬೇಗ ಬಿಚ್ಚಿಕೊಂಡಿತು. ಸುಕ್ಕು ಹಾಗೆ ನಿಲ್ಲುವುದು ಕಾಟನ್ ಜಾಸ್ತಿಯಿದ್ದರೆ. ಹೊಸ ಬಟ್ಟೆಯಲ್ಲಿ ಹತ್ತು ಇಂಚಿನ ಚೌಕ ಕತ್ತರಿಸಿ, ಬಿಸಿನೀರಲ್ಲಿ ಒಗೆದು, ಒಣಗಿಸಿ ಅಳೆದಳು. ಉದ್ದದಲ್ಲಿ ಒಂಬತ್ತೂವರೆ ಇತ್ತು. ನಲವತ್ತು ಇಂಚಿನ ಕೋಟಿಗೆ ಎರಡು ಇಂಚು ಹೋದಂತೆ.

ಮಾರಿಯಮ್ಮ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಓದಿದವಳು. ಅವಳ ಬಾಗಿಲಿಗೆ ಹೋಗುವಷ್ಟರಲ್ಲಿ ಇಂದ್ರಾಣಿ ಎರಡು ಸಲ ಹಿಂದೆ ತಿರುಗಿದ್ದಳು. ನಾಚಿಕೆಯಾಗಿತ್ತು.

“ಇದ್ನ ಓದಿ ಏಳಕ್ಕಾ. ನಂಗೆ ಬರಲ್ಲ.”

ಮಾರಿಯಮ್ಮ ಚೀಟಿ ಬಿಟ್ಟು ಅವಳ ಮುಖವನ್ನೇ ನೋಡಿದಳು. ಆಮೇಲೆ ಓದಿದಳು. “ಅರವತ್ತು ಕಾಟನ್ನು, ನಲವತ್ತು ಪಾಲಿಯೆಸ್ಟ್ರು. ಯಾವ್ದು ಜಾಸ್ತಿನೋ ಅದೇ ಮೊದ್ಲು ಕಣೇ. ಓದ್ ವರ್ಸದ್ರಾಗೆ ಬೆವ್ತು ಬೆನ್ನೆಲ್ಲಾ ಗುಳ್ಳೆ ಎದ್ದಿದ್ಕೆ ನಾವೇ ಕಾಟನ್ ಜಾಸ್ತಿ ಇರಾದು ಕೊಡ್ಸಿ ಅಂದಿದ್ವಿ. ನಿಂಗೆ ಏಳ್ಲೇ ಇಲ್ಲ.”

“ಏಳಿದ್ರೂ ನಾನು ಕೇಳ್ತಿದ್ನಾ?”

ಇಬ್ಬರೂ ಸೇರಿ ಉಳಿದ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ನೆನೆಸಿ ಬೀದಿಯುದ್ದಕ್ಕೂ ಹರವಿದರು. ಒಣಗಿದ ಮೇಲೆ ಇಸ್ತ್ರಿ ಮಾಡಿ ಕತ್ತರಿಸಬೇಕು. ಮಾರಿಯಮ್ಮನದಕ್ಕೆ ಹೊಸದೇ ಹೊಲಿಯಬೇಕು. ಎದುರು ಮನೆಯ ಮುನಿಲಕ್ಷ್ಮಿ ಇಣುಕಿ, ಒಸಾ ಬಟ್ಟೇನ ಯಾಕಮ್ಮ ಒಗೆದ್ರಿ ಎಂದು ಕೇಳಿದಳು.

ಮೊನ್ನೆ ಬೈದಷ್ಟೇ ಗಟ್ಟಿಯಾಗಿ ಇಂದ್ರಾಣಿ ಹೇಳಿದಳು: “ನಂಗೆ ಚೀಟಿ ಓದಾಕ್ ಬರ್ಲಿಲ್ಲ. ಮಾರಿಯಮ್ಮಕ್ಕಂದೇನೂ ತಪ್ಪಿಲ್ಲ.”