ಡಬ್ಬಿಯೊಳಗಿನ ಮಂತ್ರಿ

ಬಟ್ಟೆ ರಿಪೇರಿ ಅಂಗಡಿಯ ಗುಂಡಿ ಚಿಕ್ಕಮ್ಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹರಿದದ್ದು, ಬಿಗಿಯಾದದ್ದು, ಜಿಪ್ಪು ಕೈಕೊಟ್ಟದ್ದು, ಎಲ್ಲ ಅವಳ ಮೇಜಿಗೇ ಬರುತ್ತಿತ್ತು. ಗುಂಡಿಯ ವಿಷಯದಲ್ಲಂತೂ ಅವಳಿಗೆ ಹುಚ್ಚು. ನೆಲಕ್ಕೆ ಬಿದ್ದ ಗುಂಡಿಯನ್ನು ಕಸಕ್ಕೆ ಗುಡಿಸಿದವಳೇ ಅಲ್ಲ. ಗೋಡೆಯ ಹಲಗೆಯ ಮೇಲೆ ಗಾಜಿನ ಭರಣಿಗಳಲ್ಲಿ ಬಿಳಿಯದು, ಕಪ್ಪಿನದು, ಎರಡು ಕಣ್ಣಿನದು, ನಾಲ್ಕು ಕಣ್ಣಿನದು ಎಂದು ಬೇರೆ ಬೇರೆ ಕೂರಿಸಿದ್ದಳು.

ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ ಕಾಜ ಹೊಲಿಯಲು ಈ ಅಂಗಡಿಗೆ ಬಂದವಳು ಅವಳು. ಆಗ ಅಂಗಡಿ ಟೈಲರ್ ಮಾಸ್ಟರದು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕತ್ತರಿಸುವ ಮೇಜಿನ ಮೇಲೆ ಚದುರಂಗ ಹರಡಿ, "ಬಾರಮ್ಮ, ನಿದ್ದೆ ಬರೋದು ತಪ್ಪತ್ತೆ" ಎಂದು ಅವಳಿಗೆ ಆಟ ಕಲಿಸಿದವರೂ ಅವರೇ. ಕಲಿಸಿದ ರೀತಿ ಮಾತ್ರ ಒರಟು. ಎಲ್ಲ ಕಾಯಿಗಳನ್ನೂ ಮೊದಲ ದಿನದಿಂದಲೇ ಜೋಡಿಸಿ, ಹುಡುಗಿಯನ್ನು ಸೋಲಿಸಿ, ಸೋತಳೆಂದು ನಗುತ್ತಿದ್ದರು. ಅವಳು ಅತ್ತಳು, ಆದರೂ ಕಚ್ಚೆ ಕಟ್ಟಿ ಕಲಿತಳು. ಮಾಸ್ಟರು ಹೋದರು, ಅಂಗಡಿ ಅವಳದಾಯಿತು, ಮದುವೆ ಎಂಬುದು ಇವತ್ತು ನಾಳೆ ಎನ್ನುತ್ತಲೇ ದಾಟಿಹೋಯಿತು. ಉಳಿದದ್ದು ಆ ಮರದ ಕಾಯಿಗಳು. ಅವುಗಳಲ್ಲೂ ಪದಾತಿಗಳೆಲ್ಲ ಎಲ್ಲೋ ಕಳೆದುಹೋಗಿ, ಆ ಜಾಗಕ್ಕೆ ಗುಂಡಿಗಳು ಬಂದಿದ್ದವು.

ಮುಂದೆಂದಾದರೂ ಒಂದು ಮಗುವಿಗೆ ಕಲಿಸಿದರೆ ಅಳಿಸದೆ ಕಲಿಸಬೇಕು ಎಂಬ ಆಸೆ ಅವಳಲ್ಲಿತ್ತು. ಆ ಮಗು ಸಿಕ್ಕಿತು. ಅವಳ ಅಕ್ಕನ ಮೊಮ್ಮಗಳು, ಏಳು ವರ್ಷದ ಪೋರಿ. ಬಾಯಿ ತೆರೆದರೆ ಕೀರಲು ದನಿಯಲ್ಲಿ ಎಡೆಬಿಡದೆ ಮಾತು. ಅದಕ್ಕೇ ಎಲ್ಲರೂ ಪಿಟೀಲು ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಶಾಲೆ ಬಿಟ್ಟ ಮೇಲೆ ಅಕ್ಕ ಅವಳನ್ನು ಕರೆತಂದು ಅಂಗಡಿಯಲ್ಲಿ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತಿದ್ದಳು.

ಚಿಕ್ಕಮ್ಮ ಬಿಳಿ ತುಂಡು, ಕಪ್ಪು ತುಂಡು ಸೇರಿಸಿ ಬಟ್ಟೆಯದೇ ಒಂದು ಮಣೆ ಹೊಲಿದಳು. ಮೊದಲು ಗುಂಡಿ ಯುದ್ಧ. ಆ ಕಡೆ ಒಂದು ಸಾಲು ಕಪ್ಪು ಗುಂಡಿ, ಈ ಕಡೆ ಒಂದು ಸಾಲು ಬಿಳಿ ಗುಂಡಿ, ಬೇರೇನೂ ಇಲ್ಲ. ನೇರ ನಡಿಗೆ, ಓರೆ ಹೊಡೆತ, ಹೊರಟ ಜಾಗದಿಂದ ಬೇಕಿದ್ದರೆ ಎರಡು ಮನೆ. ಯಾರ ಗುಂಡಿ ಆಚೆ ದಡ ಮುಟ್ಟಿತೋ ಅವರು ಗೆದ್ದರು.

"ರಾಜ ಎಲ್ಲಿ ಚಿಕ್ಕಜ್ಜಿ?"

"ಮಲಗಿದ್ದಾನೆ. ಮೊದಲು ಸಿಪಾಯಿಗಳು ನಡೆಯೋದು ಕಲೀಲಿ, ಆಮೇಲೆ ಎಬ್ಬಿಸೋಣ."

ಕಾಯಿಗಳೆಲ್ಲ ಒಂದು ಹಳೆಯ ಬಿಸ್ಕತ್ತು ಡಬ್ಬಿಯಲ್ಲಿದ್ದವು. ಒಂದೊಂದನ್ನು ಕಲಿತಂತೆ ಒಂದೊಂದು ಹೊರಗೆ. ಆನೆ ಬಂದಾಗ ಕೊಯ್ಲಿನ ಆಟ: ಮಣೆಯ ಮೇಲೆ ಗುಂಡಿಗಳನ್ನು ಚೆಲ್ಲಿ, ಪ್ರತಿ ನಡೆಗೂ ಆನೆ ಒಂದನ್ನು ತಿನ್ನಲೇಬೇಕು, ಒಂದೂ ಉಳಿಯಬಾರದು. ಒಂಟೆಗೂ ಹಾಗೇ, ಆದರೆ ತನ್ನ ಬಣ್ಣದ ಮನೆ ಬಿಡುವಂತಿಲ್ಲ. ಕುದುರೆ ಬಂದಾಗ ಪಿಟೀಲು ಅಂಗಡಿ ತುಂಬ ಎರಡು ಹೆಜ್ಜೆ ನೇರ, ಒಂದು ಹೆಜ್ಜೆ ಪಕ್ಕಕ್ಕೆ ಕುಪ್ಪಳಿಸಿ ಇಸ್ತ್ರಿಪೆಟ್ಟಿಗೆಯ ವೈರ್‌ಗೆ ಕಾಲು ಸಿಕ್ಕಿಸಿಕೊಂಡು ಬಿದ್ದಳು. ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದ ಪೋಸ್ಟ್‌ಮ್ಯಾನ್ ಗಾಬರಿಯಾಗಿ, "ಏನಮ್ಮ ಇದು?" ಎಂದರೆ, ನೆಲದಿಂದಲೇ ಉತ್ತರ ಬಂತು: "ಕುದುರೆ ಮುಗ್ಗರಿಸ್ತು ಅಂಕಲ್!"

ತಪ್ಪು ನಡೆಸಿದರೆ ಚಿಕ್ಕಮ್ಮ ಬೈಯುತ್ತಿರಲಿಲ್ಲ. "ಕೈ ಬಿಡೋ ಮುಂಚೆ ನೋಡು, ಅದನ್ನ ಯಾರಾದ್ರೂ ತಿಂತಾರಾ?" ಎನ್ನುವುದು, ಸೂಜಿಗೆ ದಾರ ಪೋಣಿಸುತ್ತ ಕಾಯುವುದು, ಅಷ್ಟೇ.

ಕಡೆಗೆ ಡಬ್ಬಿಯಲ್ಲಿ ಉಳಿದದ್ದು ಮಂತ್ರಿಗಳು ಮಾತ್ರ, ಒಂದು ಬಿಳಿ, ಒಂದು ಕಪ್ಪು. ಅದಕ್ಕೊಂದು ಕರಾರಾಗಿತ್ತು. ಎರಡು ಆನೆಗಳಿಂದ ಒಂಟಿ ರಾಜನನ್ನು ಮಣೆಯ ಅಂಚಿಗೆ ತಳ್ಳಿ ಕಟ್ಟಿಹಾಕುವ 'ಮೆಟ್ಟಿಲಾಟ' ಪಿಟೀಲಿಗೆ ತಡವರಿಸದೆ ಬಂದ ದಿನ ಮಂತ್ರಿ ಹೊರಗೆ. ಮಂತ್ರಿ ಕೈಗೆ ಸಿಕ್ಕರೆ ಮಕ್ಕಳು ಉಳಿದ ಕಾಯಿಗಳನ್ನು ಮರೆತೇಬಿಡುತ್ತವೆ ಎಂದು ಚಿಕ್ಕಮ್ಮನ ಲೆಕ್ಕ. "ಅಲ್ಲಿವರೆಗೂ ನೀನೂ ಮುಟ್ಟಬೇಡ, ನಾನೂ ಮುಟ್ಟಲ್ಲ" ಎಂದು ಇಬ್ಬರೂ ಕೈ ಮೇಲೆ ಕೈ ಹಾಕಿಕೊಂಡಿದ್ದರು. ಬಿಳಿ ಮಂತ್ರಿಯ ಬುಡಕ್ಕೆ ಕೆಂಪು ಮಖಮಲ್ಲಿನ ಒಂದು ತುಂಡನ್ನು ಚಿಕ್ಕಮ್ಮ ಗುಟ್ಟಾಗಿ ಅಂಟಿಸಿಟ್ಟಿದ್ದಳು. ಡಬ್ಬಿ ತೆರೆದಾಗ ಆ ಮುಖ ಹೇಗೆ ಅರಳೀತು ಎಂದು ಹೊಲಿಗೆ ಯಂತ್ರ ತುಳಿಯುತ್ತಲೇ ನೆನೆದು ಒಬ್ಬಳೇ ನಗುತ್ತಿದ್ದಳು.

ಮೆಟ್ಟಿಲಾಟದಲ್ಲಿ ಹುಡುಗಿ ಒಂದೇ ಕಡೆ ಎಡವುತ್ತಿದ್ದಳು. ಒಂದು ಆನೆ ರಾಜ ದಾಟಲಾಗದ ಬೇಲಿ, ಇನ್ನೊಂದು ಆನೆಯಿಂದ ಶಹ, ಅಂದರೆ ಚೆಕ್; ರಾಜ ಒಂದು ಸಾಲು ಹಿಂದೆ. ಅಲ್ಲಿಗೆ ಸರಿ. ಆದರೆ ರಾಜ ಪಕ್ಕಕ್ಕೆ ಸರಿದು ಆನೆಯ ಮೈಗೇ ಬಂದು ನಿಂತರೆ ಕಕ್ಕಾಬಿಕ್ಕಿ. ಒಂದು ಸಂಜೆ, ಬಹಳ ಹೊತ್ತು ಉಗುರು ಕಚ್ಚಿದವಳು ತಟ್ಟನೆ ಆ ಆನೆಯನ್ನು ಅದೇ ಸಾಲಿನಲ್ಲಿ ಮಣೆಯ ಆಚೆ ತುದಿಗೆ ಓಡಿಸಿ, "ಚಿಕ್ಕಜ್ಜೀ, ದೂರ ಹೋದ್ರೂ ಬೇಲಿ ಬೇಲಿನೇ!" ಎಂದು ಕೂಗಿದಳು. ಚಿಕ್ಕಮ್ಮನ ಕಣ್ಣಲ್ಲಿ ನೀರೇ ಬಂತು. ಆ ಸಂಜೆಯನ್ನು ಅವಳು ಬಂಗಾರದ ಹಾಗೆ ಎತ್ತಿಟ್ಟುಕೊಂಡಳು. ಇನ್ನು ಉಗುರು ಕಚ್ಚದೆ ಆಡಿದ ದಿನ ಡಬ್ಬಿ ತೆರೆಯುವುದೊಂದೇ ಬಾಕಿ.

ಅದಾಗಿ ಕೆಲವು ದಿನಕ್ಕೆ ಪಿಟೀಲು, "ಇವತ್ತು ಗುಂಡಿ ಯುದ್ಧ ಆಡೋಣ" ಎಂದಳು. ಸರಿ, ಹಳೆಯ ಆಟ, ಕೈ ಚುರುಕಾಗಲಿ ಎಂದು ಚಿಕ್ಕಮ್ಮನೂ ಕೂತಳು. ಹುಡುಗಿಯ ಬಿಳಿ ಗುಂಡಿಯೊಂದು ಮಣೆಯ ನಡು ದಾಟಿ ಒಂದು ಮನೆ ಮುಂದೆ ಬಂದು ನಿಂತಿತ್ತು. ಅದರ ಪಕ್ಕದ ಸಾಲಿನಲ್ಲಿ ಚಿಕ್ಕಮ್ಮನ ಕಪ್ಪು ಗುಂಡಿ ಇನ್ನೂ ಹೊರಟ ಜಾಗದಲ್ಲೇ ಇತ್ತು. ಒಂದು ಮನೆ ನಡೆದರೆ ಹುಡುಗಿಯ ಬಾಯಿಗೆ ತುತ್ತು. ಅದಕ್ಕೆ ಚಿಕ್ಕಮ್ಮ ಎರಡು ಮನೆ ನಡೆಸಿ, ಆ ಬಿಳಿ ಗುಂಡಿಯ ಪಕ್ಕಕ್ಕೇ ತಂದು ನಿಲ್ಲಿಸಿದಳು.

ಪಿಟೀಲು ಯೋಚಿಸಲೂ ಇಲ್ಲ. ತನ್ನ ಗುಂಡಿಯನ್ನು ಓರೆಯಾಗಿ, ಕಪ್ಪು ಗುಂಡಿ ದಾಟಿ ಬಂದ ಖಾಲಿ ಮನೆಗೆ ಇಟ್ಟು, ಆ ಕಪ್ಪು ಗುಂಡಿಯನ್ನು ಎತ್ತಿಕೊಂಡಳು. ಮರುಕ್ಷಣವೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ನಡೆ ಸರಿಯಾದದ್ದೇ. ಎರಡು ಮನೆ ಹಾರಿ ಜಾರಿಕೊಳ್ಳುವ ಪದಾತಿಯನ್ನು, ಅದು ಒಂದೇ ಮನೆ ನಡೆದಿದೆಯೆಂದುಕೊಂಡು, ಮರುನಡೆಯಲ್ಲೇ ಹಾಗೆ ಹೊಡೆಯಬಹುದು. ಆದರೆ ಆ ನಿಯಮವನ್ನು ಚಿಕ್ಕಮ್ಮ ಹೇಳಿಕೊಟ್ಟಿರಲಿಲ್ಲ. ಚಿಕ್ಕ ಮಕ್ಕಳಿಗೆ ತಲೆ ಕೆಡುತ್ತದೆಂದು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು.

"ಇದು ಯಾರು ಹೇಳ್ಕೊಟ್ರು ಪುಟ್ಟಾ?"

"ಯಾರೂ ಇಲ್ಲ. ತಪ್ಪಾಯ್ತು. ವಾಪಸ್ ಇಡ್ತೀನಿ."

"ತಪ್ಪಲ್ಲ. ಸರಿಯಾಗಿದೆ. ಅದಕ್ಕೇ ಕೇಳ್ತಿದೀನಿ."

ಪಿಟೀಲು ಕಪ್ಪು ಗುಂಡಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿತು. ಆಮೇಲೆ ಸಣ್ಣ ದನಿಯಲ್ಲಿ, "ಅಜ್ಜಿ ಹೇಳ್ಬೇಡ ಅಂದಿದಾಳೆ" ಎಂದಿತು.

ಅಕ್ಕ ಬಂದಾಗ ಚಿಕ್ಕಮ್ಮ ಅದೇ ಮಣೆಯ ಮುಂದೆ ಕೂತಿದ್ದಳು.

"ಅಕ್ಕಾ, ಮಗೂನ ಎಲ್ಲಿಗೆ ಕಳಿಸ್ತಿದೀಯ?"

ಅಕ್ಕ ಮೊಮ್ಮಗಳತ್ತ ನೋಡಿದಳು. "ಒದರಿದ್ಯಾ?"

"ಅವಳು ಒದರಲಿಲ್ಲ. ಗುಂಡಿ ಒದರಿತು."

"ಅಯ್ಯೋ, ಅದೇನು ಕೊಲೆ ಮಾಡಿದ ಹಾಗೆ ಕೇಳ್ತೀಯೇ? ಔಷಧಿ ಅಂಗಡಿ ಮೇಲೆ ಚೆಸ್ ಕ್ಲಾಸು, ಭಾನುವಾರ ಬೆಳಿಗ್ಗೆ. ಪಕ್ಕದ ಮನೆ ಹುಡುಗನೂ ಹೋಗ್ತಾನೆ."

"ಎಷ್ಟು ದಿನದಿಂದ?"

"ಬೇಸಿಗೆ ರಜ ಮುಗಿದಾಗಿಂದ."

ಚಿಕ್ಕಮ್ಮ ಮನಸ್ಸಿನಲ್ಲೇ ದಿನ ಎಣಿಸಿದಳು. ಆನೆ ಆಚೆ ತುದಿಗೆ ಓಡಿದ ಸಂಜೆಯ ಹೊತ್ತಿಗೆ ರಜ ಮುಗಿದು ಆಗಲೇ ಬಹಳ ಕಾಲವಾಗಿತ್ತು.

"ನಂಗೊಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಮುಖ ಊದಿಸ್ಕೊಳ್ತಿದ್ದೆ. ಪಕ್ಕದ ಮನೇಲಿ ಆ ಹುಡುಗ ಆಡೋಣ ಬಾ ಅಂದ. ಇವಳು ಕೂತಳು. ನಿನ್ನ ಮಂತ್ರಿ ಯಾಕೆ ಅಲ್ಲಾಡ್ತಾ ಇಲ್ಲ ಅಂತ ಅವನು ಕೇಳಿದ್ರೆ, 'ನಮ್ಮ ಮಂತ್ರಿ ಇನ್ನೂ ಡಬ್ಬೀಲಿದೆ' ಅಂದ್ಲು ಈ ಮಹಾರಾಯ್ತಿ! ಮನೆಯವರೆಲ್ಲ ಬಿದ್ದೂ ಬಿದ್ದೂ ನಕ್ಕರು. ಮಗು ಅತ್ಕೊಂಡು ಬಂತು. ಅದಕ್ಕೇ ಕ್ಲಾಸಿಗೆ ಸೇರಿಸ್ದೆ."

ಅಳಿಸದೆ ಕಲಿಸಬೇಕೆಂದವಳಿಗೆ ಆ ಮಾತು ಸೂಜಿಯ ಹಾಗೆ ನಾಟಿತು. "ಆ ದಿನವೇ ನಂಗೆ ಹೇಳಿದ್ರೆ ಆ ದಿನವೇ ಡಬ್ಬಿ ತೆಗೀತಿದ್ದೆ" ಎಂದಳು.

"ನೀನಾ? ನಿಂದು ಒಂದೊಂದೇ ಗುಂಡಿ ಒಂದೊಂದೇ ಕಾಜ. ಹೋಗ್ಲಿ ಬಿಡು. ಇಲ್ಲಿ ಅವಳಿಗೆ ಹೊತ್ತು ಹೋಗತ್ತೆ, ನಿಂಗೂ ಹೊತ್ತು ಹೋಗತ್ತೆ ಅಂತ ಸುಮ್ನಿದ್ದೆ."

ಹೊತ್ತು ಹೋಗುತ್ತದೆ! ಬಟ್ಟೆಯ ಮಣೆ ಹೊಲಿದದ್ದು, ಕಾಯಿಗೊಂದು ಆಟ ಕಟ್ಟಿದ್ದು, ಎಲ್ಲ ಹೊತ್ತು ಕಳೆಯಲಿಕ್ಕೆ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಅಕ್ಕ, ದಿನಾ ಇದೇ ಬಾಗಿಲಲ್ಲಿ ನಿಂತು, "ಏನು ಕಲಿಸಿದೆ ಇವತ್ತು?" ಎಂದು ನಗುನಗುತ್ತ ಕೇಳುತ್ತಿದ್ದಳಲ್ಲ! ಚಿಕ್ಕಮ್ಮ ಹುಡುಗಿಯ ಕಡೆ ತಿರುಗಿದಳು.

"ಆವತ್ತು ಆನೇನ ಓಡಿಸಿದೆಯಲ್ಲ ಪುಟ್ಟಾ, ಆಗ ನಿಂಗೆ ಮೊದಲೇ ಗೊತ್ತಿತ್ತಾ?"

ಪಿಟೀಲು ಅಜ್ಜಿಯ ಸೆರಗಿನ ಹಿಂದೆ ಸರಿಯಿತು. "ಸ್ವಲ್ಪ ಗೊತ್ತಿತ್ತು."

"ಮತ್ತೆ ಅಷ್ಟು ಹೊತ್ತು ಉಗುರು ಕಚ್ಚಿದ್ದು?"

"ನೀನು ಹೇಳ್ಕೊಡುವಾಗ ಖುಷಿಯಾಗಿರ್ತೀಯ. ಅದಕ್ಕೆ ತಪ್ಪು ಮಾಡ್ತಿದ್ದೆ."

ಅಕ್ಕ, "ನೋಡಿದ್ಯಾ, ಎಷ್ಟು ಜಾಣೆ!" ಎಂದು ಮೊಮ್ಮಗಳ ತಲೆ ಸವರಿದಳು. ಚಿಕ್ಕಮ್ಮನಿಗೆ ಮಾತ್ರ ಯಾರೋ ಒಳಗಿನ ಹೊಲಿಗೆಯನ್ನು ಬಿಚ್ಚಿ ದಾರ ಎಳೆದ ಹಾಗಾಯಿತು. ಅಕ್ಕ ಬಚ್ಚಿಟ್ಟದ್ದು ಒಂದು ನೋವು. ಆದರೆ ಬಂಗಾರವೆಂದು ಎತ್ತಿಟ್ಟುಕೊಂಡ ಆ ಸಂಜೆಯನ್ನೂ ಈ ಮಗು ಕರುಣೆಯಿಂದ ಮಾಡಿಕೊಟ್ಟಿತ್ತು.

ಮರುದಿನ ಮಗು ಬರುವುದಿಲ್ಲವೆಂದುಕೊಂಡಿದ್ದಳು. ಬಂತು. ಮೇಜಿನ ಮೇಲೆ ಡಬ್ಬಿ ಬಾಯಿ ತೆರೆದು ಕೂತಿತ್ತು, ಮಂತ್ರಿಗಳೆರಡೂ ಮಣೆಯ ಮೇಲೆ ನಿಂತಿದ್ದವು. ಪಿಟೀಲು ಬಿಳಿಯದನ್ನು ಎತ್ತಿ, ಬುಡದ ಮಖಮಲ್ಲಿನ ಮೇಲೆ ಬೆರಳಾಡಿಸಿತು. ಮುಖ ಅರಳಲಿಲ್ಲ. ಅಪರಾಧಿಯ ಹಾಗೆ ಅದನ್ನೂ ಕಪ್ಪಿನದನ್ನೂ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿತು.

"ಇವತ್ತು ಮೆಟ್ಟಿಲಾಟ ಆಡೋಣ. ನಿಜವಾಗಿ ಆಡ್ತೀನಿ ಚಿಕ್ಕಜ್ಜಿ."

ಎರಡು ಬಿಳಿ ಆನೆ, ಒಂದು ಕಪ್ಪು ರಾಜ. ಬೇಲಿ, ಶಹ, ಒಂದು ಸಾಲು ಹಿಂದೆ. ಚಿಕ್ಕಮ್ಮ ರಾಜನನ್ನು ಪಕ್ಕಕ್ಕೆ ಸರಿಸುತ್ತ ಸರಿಸುತ್ತ ಆನೆಯ ಮೈಗೇ ತಂದು ನಿಲ್ಲಿಸಿದಳು. ಪಿಟೀಲು ಆನೆಯ ಮೇಲೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ನಿಧಾನವಾಗಿ ಉಗುರು ಬಾಯಿಗೊಯ್ದಿತು.

ಮೊದಲಾದರೆ ಚಿಕ್ಕಮ್ಮ ದಾರ ಪೋಣಿಸುತ್ತ ನೆಮ್ಮದಿಯಿಂದ ಕಾಯುತ್ತಿದ್ದಳು. ಈಗಲೂ ದಾರ ಕೈಯಲ್ಲೇ ಇತ್ತು. ಕಣ್ಣು ಮಾತ್ರ ಸೂಜಿಯ ಮೇಲಿರಲಿಲ್ಲ, ಮಣೆಯ ಮೇಲೂ ಇರಲಿಲ್ಲ. ಮಗುವಿನ ಮುಖದ ಮೇಲಿತ್ತು. ನಿಜವಾಗಿ ತಿಳಿಯುತ್ತಿಲ್ಲವೋ, ತನಗಾಗಿ ತಿಳಿಯದಂತೆ ಕೂತಿದೆಯೋ? ನೋಡಿದಳು, ಮತ್ತೆ ನೋಡಿದಳು. ಗೊತ್ತಾಗಲಿಲ್ಲ.