ಹೆಸರು ಬರೆಯದ ಉತ್ತರ

ಆ ಚರ್ಮದ ಕ್ಲಿನಿಕ್‌ನಲ್ಲಿ ಕೌಂಟರಿನ ಹೆಂಗಸಿಗೆ ನರ್ಸ್ ಇಟ್ಟ ಹೆಸರು ಪತ್ತೇದಾರಮ್ಮ. ಹೆಸರು ಸುಮ್ಮನೆ ಬಂದದ್ದಲ್ಲ. ಟೇಬಲ್ ಮೇಲಿನ ಪೆನ್ನು ಕಾಣದಿದ್ದರೂ ಬೆಂಚಿನಲ್ಲಿ ಕೂತವರ ಜೇಬುಗಳ ಮೇಲೆ ಅವಳ ಕಣ್ಣು ಓಡುತ್ತಿತ್ತು. ಅನುಮಾನ ಪಡುವುದರಲ್ಲಿ ಎತ್ತಿದ ಕೈ. ಕೆಲಸದಲ್ಲಿ ಮಾತ್ರ ಮೋಸವಿಲ್ಲ; ಆ ಕ್ಲಿನಿಕ್ಕು ತನ್ನ ಮನೆಯೇ ಎಂಬಷ್ಟು ಅಭಿಮಾನ.

ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಆನ್‌ಲೈನ್ ಪುಟದಲ್ಲಿ ಒಂದೇ ನಕ್ಷತ್ರದ ರಿವ್ಯೂ ಬಂದಿತ್ತು. ಬರೆದವರ ಹೆಸರಿಲ್ಲ, ಮುಖದ ಜಾಗದಲ್ಲಿ ಹೂವಿನ ಚಿತ್ರ. ‘ಗಂಟೆಗಟ್ಟಲೆ ಕಾಯಿಸುತ್ತಾರೆ. ಕೌಂಟರಿನಾಕೆ ಭಿಕ್ಷೆಗೆ ಬಂದವರನ್ನು ಮಾತಾಡಿಸಿದಂತೆ ಮಾತಾಡಿಸುತ್ತಾಳೆ.’

ಅವಳಿಗೆ ಮೈಯೆಲ್ಲ ಉರಿಯಿತು. ಯಾರಿರಬಹುದು? ಎದುರು ರಸ್ತೆಯ ಕ್ಲಿನಿಕ್ಕಿನವರೇ? ಕೆಲಸ ಬಿಟ್ಟುಹೋದ ಹಳೆಯ ನರ್ಸೇ? ಈಗಿನ ನರ್ಸ್ ಫೋನು ನೋಡಿ ನಕ್ಕಳು. ಅವಳ ಮೇಲೂ ಒಂದು ಗಳಿಗೆ ಅನುಮಾನ ಹಾದುಹೋಯಿತು. ಕೊನೆಗೆ ಹತ್ತಿರದ ಹುಡುಗಿಯರ ಹಾಸ್ಟೆಲಿನ ಅಡುಗೆಯಾಕೆಯ ನೆನಪಾಯಿತು. ಕಳೆದ ವಾರ ತಡವಾಗಿ ಬಂದು, ತನ್ನನ್ನು ಮೊದಲು ಬಿಡಿ ಎಂದು ಜಗಳಕ್ಕೆ ನಿಂತಿದ್ದವಳು. ಅವಳೇ, ಇನ್ಯಾರೂ ಅಲ್ಲ!

ಉತ್ತರವನ್ನು ಡಾಕ್ಟರಿಗೆ ತೋರಿಸಿಯೇ ಹಾಕಬೇಕೆಂಬುದು ಅಲ್ಲಿನ ರೂಢಿ. ಡಾಕ್ಟರು ಒಳಗೆ ರೋಗಿಯ ಜೊತೆಗಿದ್ದರು. ಕೋಪಕ್ಕೆ ಕಾಯುವ ತಾಳ್ಮೆ ಎಲ್ಲಿಯದು? ಅವಳು ಬರೆದೇಬಿಟ್ಟಳು: ‘ತಡವಾಗಿ ಬಂದಿದ್ದು ನೀವು. ತಲೆಯ ಮೇಲಿನ ಕಲೆಗಳಿಗೆ ಕೊಟ್ಟ ಮುಲಾಮನ್ನು ಅರ್ಧಕ್ಕೆ ಬಿಟ್ಟಿದ್ದೂ ನೀವು. ಹಾಸ್ಟೆಲಿನಲ್ಲಿ ಅಡುಗೆ ಮಾಡುವವರಿಗೆ ಇಷ್ಟು ಅಸಡ್ಡೆ ಒಳ್ಳೆಯದಲ್ಲ. ನಮ್ಮ ಸಿಬ್ಬಂದಿಯದು ಯಾವ ತಪ್ಪೂ ಇಲ್ಲ.’

ಹೆಸರನ್ನಂತೂ ಬರೆದಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಮಧ್ಯಾಹ್ನದ ಊಟವೂ ರುಚಿಸಿತು.

ಎರಡು ದಿನ ಬಿಟ್ಟು ಅಡುಗೆಯಾಕೆ ಬಂದಳು. ಜಗಳಕ್ಕೆ ಬಂದಿದ್ದಾಳೆಂದು ಪತ್ತೇದಾರಮ್ಮ ಸೆಟೆದು ಕೂತಳು. ಬಂದವಳ ದನಿಯೇ ಏಳುತ್ತಿರಲಿಲ್ಲ.

“ಅಕ್ಕಾ, ನನ್ನನ್ನ ಅಡುಗೆಮನೆಯಿಂದ ಆಚೆ ಹಾಕಿದ್ರು. ವಾರ್ಡನ್ ಅಮ್ಮ ಯಾವುದೋ ಚರ್ಮದ ಡಾಕ್ಟ್ರನ್ನ ಹುಡುಕ್ತಾ ನಿಮ್ಮ ಪುಟ ನೋಡಿದ್ರಂತೆ. ಇದು ನೀನೇ ತಾನೇ ಅಂದ್ರು. ಅಂಟುರೋಗ ಇಟ್ಕೊಂಡು ಎಲ್ರಿಗೂ ಅನ್ನ ಬಡಿಸ್ತಿದ್ದೀಯಾ ಅಂತ ಎಲ್ರ ಮುಂದೇನೇ ಕೇಳಿದ್ರು.”

“ಮತ್ತೆ ನೀನ್ಯಾಕೆ ನಮ್ಮ ಬಗ್ಗೆ ಹಂಗೆ ಬರೆದೆ?”

“ನಾನಾ?” ಅಡುಗೆಯಾಕೆ ಗುಂಡಿ ಒತ್ತುವ ತನ್ನ ಪುಟ್ಟ ಫೋನು ತೆಗೆದು ಮೇಜಿನ ಮೇಲಿಟ್ಟಳು. “ಇದ್ರಲ್ಲಿ ಏನಕ್ಕಾ ಬರೆಯೋಕಾಗುತ್ತೆ?”

ಪತ್ತೇದಾರಮ್ಮ ಎದ್ದು ಡಾಕ್ಟರನ್ನು ಕರೆಯಲು ಒಳಗೆ ಹೋದಳು.

ಡಾಕ್ಟರು ಬಂದು ಮೊದಲು ಆ ಉತ್ತರವನ್ನು ಅಳಿಸಿದರು. ಆದರೆ ವಾರ್ಡನ್ ಅದರ ಫೋಟೊ ಹಿಡಿದಿಟ್ಟುಕೊಂಡಿದ್ದಳು. ಡಾಕ್ಟರು ಅಡುಗೆಯಾಕೆಯನ್ನು ಒಳಗೆ ಕೂರಿಸಿ, ಏನೂ ಮುಚ್ಚಿಡದೆ ಕ್ಷಮೆ ಕೇಳಿ, “ಇದು ಅಂಟೋ ಕಾಯಿಲೆ ಅಲ್ಲ ಅಂತ ಬರೆದುಕೊಡ್ತೀನಿ, ಆದ್ರೆ ನೀವು ಒಪ್ಪಿದ್ರೆ ಮಾತ್ರ. ಅದನ್ನ ವಾರ್ಡನ್‌ಗೆ ಕೊಡೋದು ಬಿಡೋದು ನಿಮಗೆ ಸೇರಿದ್ದು,” ಎಂದರು. ಆಕೆ ಒಪ್ಪಿ ಚೀಟಿ ಪಡೆದು ಹೊರಟಳು.

ಆಮೇಲೆ ಡಾಕ್ಟರು ಕೌಂಟರಿಗೆ ಬಂದರು.

“ಹೆಸರು ಹಾಕಿರ್ಲಿಲ್ಲ ಡಾಕ್ಟ್ರೇ...”

“‘ನೀವು ಇಲ್ಲಿಗೆ ಬಂದಿದ್ರಿ’ ಅಂತ ಬರೆದ್ರೇ ಸಾಕಮ್ಮ, ಅವರ ಗುಟ್ಟು ಬಿಟ್ಟುಕೊಟ್ಟಂಗೆ. ಬರೆದವರು ಅವರೇ ಆಗಿದ್ರೂ, ತಮ್ಮ ಕಾಯಿಲೇನ ತಾವೇ ಊರಿಗೆಲ್ಲಾ ಸಾರಿದ್ರೂ, ನಮ್ಮ ಬಾಯಿಗೆ ಬೀಗ ಇರಬೇಕು. ಆಮೇಲೆ, ನಮ್ಮದೇನೂ ತಪ್ಪಿಲ್ಲ ಅಂತ ವಾದಕ್ಕೆ ನಿಂತ್ರೆ ಓದೋರು ಯಾರನ್ನ ನಂಬ್ತಾರೆ? ಕಾಯಿಸ್ತೀವಲ್ವಾ ನಾವು?”

ಕಾಯಿಸುತ್ತಿದ್ದದ್ದು ನಿಜ. ಹೊಸ ಉತ್ತರವನ್ನು ಡಾಕ್ಟರು ಹೇಳಿದರು, ಅವಳು ಬರೆದಳು: ‘ನಿಮಗೆ ಬೇಸರವಾದದ್ದಕ್ಕೆ ಕ್ಷಮಿಸಿ. ಯಾರನ್ನೂ ಹೆಚ್ಚು ಹೊತ್ತು ಕಾಯಿಸಬಾರದು, ಎಲ್ಲರೊಂದಿಗೂ ಗೌರವದಿಂದ ಮಾತಾಡಬೇಕು ಎಂಬುದು ನಮ್ಮ ಆಸೆ. ಯಾರ ವಿಷಯವನ್ನೂ ನಾವು ಇಲ್ಲಿ ಚರ್ಚಿಸುವಂತಿಲ್ಲ. ದಯವಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ, ಕೇಳಿಸಿಕೊಳ್ಳುತ್ತೇವೆ.’ ಅದರಲ್ಲಿ ಯಾರ ತಲೆಯೂ ಇರಲಿಲ್ಲ, ಯಾರ ಅಡುಗೆಯೂ ಇರಲಿಲ್ಲ. ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಚೀಟಿ ಕೆಲಸ ಮಾಡಿತು, ಅಡುಗೆಯಾಕೆ ಮತ್ತೆ ಒಲೆಯ ಮುಂದೆ ನಿಂತಳಂತೆ. ಆದರೂ ಕೆಲವು ಹುಡುಗಿಯರು ಅವಳು ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲವಂತೆ. ಇದನ್ನು ಹೇಳಿದ್ದು ನರ್ಸ್. ಪತ್ತೇದಾರಮ್ಮನಿಗೆ ಆ ರಾತ್ರಿ ಊಟ ರುಚಿಸಲಿಲ್ಲ.

ತಿಂಗಳಾದ ಮೇಲೆ ಅಡುಗೆಯಾಕೆ ಮತ್ತೆ ತೋರಿಸಿಕೊಳ್ಳಲು ಬಂದಳು. ಪತ್ತೇದಾರಮ್ಮ ಎದ್ದು ನಿಂತು, ಬೆಂಚಿನವರಿಗೆ ಕೇಳದ ಹಾಗೆ ಬಾಗಿ ಕೇಳಿದಳು: “ಈಗ ಹೇಗಿದ್ದೀಯಮ್ಮಾ? ಕಡಿಮೆ ಆಗಿದ್ಯಾ?”

ಅಡುಗೆಯಾಕೆ ಅವಳ ಮುಖ ನೋಡಿದಳು, ಅವಳ ಕೈಯಲ್ಲಿದ್ದ ಫೋನು ನೋಡಿದಳು.

“ಅದನ್ನ ಡಾಕ್ಟ್ರ ಹತ್ರಾನೇ ಹೇಳ್ತೀನಿ,” ಎಂದು ದೂರದ ಬೆಂಚಿಗೆ ಹೋಗಿ ಕೂತಳು.