ಶುಕ್ರವಾರದ ವರದಿ

ಅದು ಆಗದ ಮಾತು ಅಂದವರು ನನ್ನ ದೊಡ್ಡಪ್ಪ. ಕುಂಬಾರಕೊಪ್ಪಲಿನ ನಮ್ಮ ಮನೆಯ ಜಗಲಿ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಾ ಅಂದರು. "ಡಿಗ್ರಿ ಏನೋ ತಗೊಂಬುಟ್ಟೆ ಕಣವ್ವ, ಸಂತೋಷ. ಆದ್ರೆ ಇಂಗ್ಲಿಷ್‌ನಲ್ಲಿ ಕಾಗದ ಬರ್ದು, ಕೆಳಗೆ ನಿನ್ನ ಹೆಸ್ರಾಕಿ ಪರದೇಶಕ್ಕೆ ಕಳ್ಸೋದು, ಅದೆಲ್ಲ ನಮ್ಮಂಥೋರ್ಗೆ ಆಗೋದಲ್ಲ ಬುಡು."

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕಿ, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮಾಡಿದೆ. ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಕಟ್ಟಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಪಾಸಾದೆ ಅನ್ನುವುದು ದೊಡ್ಡದು.

ಆಮೇಲೆ ಊರಂಚಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಪಂಪುಗಳ ಒಳಗೆ ಕೂರುವ ಲೋಹದ ಬಿಡಿಭಾಗಗಳು ತಯಾರಾಗುತ್ತವೆ. ಹೆಚ್ಚಿನ ಮಾಲು ಹೋಗುವುದು ಜರ್ಮನಿಯ ಒಂದು ಕಂಪನಿಗೆ. ಆ ಕಂಪನಿಯಲ್ಲಿ ನಮ್ಮ ಕೆಲಸ ನೋಡಿಕೊಳ್ಳುವ ಒಬ್ಬ ಮೇಡಂಗೆ ವಾರಕ್ಕೊಮ್ಮೆ ವರದಿ ಹೋಗಬೇಕು. ಅವರ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ, ಅಂದರೆ ನಮ್ಮ ಮೂರೂವರೆಯೊಳಗೆ. ಬರೆಯುವುದು ನಾನು. ಕೆಳಗಿನ ಹೆಸರು ಮಾತ್ರ ನಮ್ಮ ಕಾರ್ಖಾನೆಯ ಮುಖ್ಯಸ್ಥರದು. ಯಾಕೆಂದರೆ ಸ್ವಂತ ಹೆಸರಿನಲ್ಲಿ ವರದಿ ಕಳಿಸುವವರು ಆ ಕಂಪನಿಯ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿರಬೇಕು. ಆನ್‌ಲೈನ್ ಪಾಠಗಳನ್ನು ಮುಗಿಸಿದ್ದೆ. ಇನ್ನು ಆರು ತಿಂಗಳು ನಾನು ಬರೆದ ವರದಿಗಳನ್ನು ನೋಡಿ ಮೇಡಂ ಹೂಂ ಅನ್ನಬೇಕಿತ್ತು.

ಆರು ತಿಂಗಳು ಅಂದರೆ ಕೇಳಲು ಸುಲಭ. ಪ್ರತಿ ಶುಕ್ರವಾರ ಬೆಳಿಗ್ಗೆ ಶಾಪ್ ಫ್ಲೋರಿನಿಂದ ನನ್ನ ಫೋನಿಗೆ ಕನ್ನಡದಲ್ಲಿ ನಾಲ್ಕೈದು ಸಾಲು ಬರುತ್ತಿತ್ತು. ಕಳಿಸುವವರು ಅಲ್ಲಿನ ಸೂಪರ್‌ವೈಸರ್. ಅವರು ನನ್ನ ಸೋದರಮಾವ, ಅಮ್ಮನ ತಮ್ಮ. ಈ ಕೆಲಸಕ್ಕೆ ಅರ್ಜಿ ಹಾಕು ಅಂದವರೂ ಅವರೇ. "ಮೂರನೇ ಮಷಿನ್ ಕೈಕೊಟ್ಟಿತು. ಬೆಲ್ಟ್ ತಂದ್ವಿ. ಸಂಜೆ ಓಡ್ತು. ಹುಡುಗ್ರು ಕಮ್ಮಿ." ಇಷ್ಟೇ. ಎಷ್ಟು ಹೊತ್ತು ನಿಂತಿತ್ತು, ಎಷ್ಟು ಮಾಲು ಕಡಿಮೆಯಾಯಿತು, ಅದನ್ನು ಯಾವಾಗ ತುಂಬಿಸುತ್ತೀರಿ, ಯಾರು ನೋಡಿಕೊಳ್ಳುತ್ತಾರೆ, ಮೇಡಂಗೆ ಬೇಕಾದ್ದೊಂದೂ ಅದರಲ್ಲಿ ಇರುತ್ತಿರಲಿಲ್ಲ.

"ಮಾವ, ಹುಡುಗ್ರು ಕಮ್ಮಿ ಅಂದ್ರೆ ಎಷ್ಟು ಜನ?"

"ಕಮ್ಮಿ ಅಂದ್ರೆ ಕಮ್ಮಿ ಕಣವ್ವ. ಮದ್ವೆ ಸೀಸನ್ನು. ಅದನ್ನೂ ಅವ್ರಿಗೆ ಏಳ್ಬೇಕಾ?"

"ಹೇಳ್ಬೇಕು."

"ಊಟಕ್ಕೆ ಏನಿತ್ತು ಅಂತನೂ ಬರ್ದುಬುಡು."

ಹೀಗೆ ಕಿತ್ತಾಡಿ ಉತ್ತರ ತೆಗೆದು, ಸಾಲುಗಳನ್ನು ತಲೆಕೆಳಗು ಮಾಡಬೇಕು. ನಮ್ಮವರು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಾರೆ. ಸೋಮವಾರದಿಂದ ಶುರುವಾಗಿ ಶುಕ್ರವಾರಕ್ಕೆ ಮುಗಿಯುತ್ತದೆ. ತೊಂದರೆ ಕೊನೆಗೆ, ಬಾಗಿಲಲ್ಲಿ ನಿಂತು ಹೇಳುವ ಮಾತಿನಂತೆ ಬರುತ್ತದೆ. ಮೇಡಂಗೆ ತೊಂದರೆ ಮೊದಲು ಬೇಕು. ಮೇಲ್ಗಡೆ ಒಂದು ಬಣ್ಣ: ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಅದರ ಕೆಳಗೆ ಅಪಾಯ ಏನು, ಈ ವಾರ ಮುಗಿದದ್ದೇನು, ಮುಂದಿನ ವಾರ ಏನು, ಅವರಿಂದ ನಮಗೇನು ಬೇಕು. ಕಂಪ್ಯೂಟರಿನಲ್ಲಿ ಕನ್ನಡ ಹಾಕಿದರೆ ನುಣ್ಣನೆಯ ಇಂಗ್ಲಿಷ್ ಕೊಡುವ ಎಐ ಒಂದಿತ್ತು. ಅದನ್ನೂ ಬಳಸುತ್ತಿದ್ದೆ. ಆದರೆ ಮಾವ ಬರೆಯದೆ ಬಿಟ್ಟದ್ದನ್ನು ಅದು ಎಲ್ಲಿಂದ ತರುತ್ತದೆ? ಮಧ್ಯಾಹ್ನದ ಡಬ್ಬಿ ತಣ್ಣಗಾಗಿ, ಮೂರೂವರೆಗೆ ಕಳಿಸು ಗುಂಡಿ ಒತ್ತಿದರೆ ಬೆನ್ನು ಕುರ್ಚಿಗೆ ಅಂಟಿಕೊಂಡಿರುತ್ತಿತ್ತು. ಸೋಮವಾರ ಬಂದರೆ ಮತ್ತೆ ಶುಕ್ರವಾರದ ಭಯ.

ಆ ವರ್ಷ ದಸರಾ ಮುಗಿದ ಮೊದಲ ವಾರ. ಊರಿನ ದೀಪಗಳನ್ನು ಇನ್ನೂ ಬಿಚ್ಚಿರಲಿಲ್ಲ. ಬಸ್ಸುಗಳು ಇನ್ನೂ ಸುತ್ತಿ ಬಳಸಿ ಓಡುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಬನ್ನಿಮಂಟಪದ ಹತ್ತಿರ ಬಸ್ಸಿನಲ್ಲಿ ನಿಂತಿದ್ದಾಗಲೇ ಮಾವನ ಸಾಲುಗಳು ಬಂದವು.

"ಸೋಮವಾರ ಕೆಲಸ ಶುರು, ಎಲ್ಲ ಮಷಿನ್ ಓಡ್ತು.
ತೂತು ದೊಡ್ಡದು ತೋರಿಸ್ತು, ಸ್ವಲ್ಪ ಕಮ್ಮಿ ಮಾಡಿದ್ವಿ.
ಬುಧವಾರ ಲೋಡು ಹೋಯ್ತು.
ಗುರುವಾರ ಶಾಫ್ಟ್ ಹಾಕಿ ನೋಡಿದ್ರೆ ಕೂರಲಿಲ್ಲ.
ಉಂಗುರದಲ್ಲಿ ಕುಂಕುಮ ಇತ್ತು, ಪೂಜೆದು. ತೊಳೆದ್ವಿ."

ಓದಿದೆ. ಇನ್ನೊಮ್ಮೆ ಓದಿದೆ. ಎರಡನೇ ಸಾಲಿಗೂ ಐದನೇ ಸಾಲಿಗೂ ಏನೋ ನಂಟಿದೆ ಅನ್ನಿಸಿತು. ಬಸ್ಸಿಳಿದವಳು ಆಫೀಸಿಗೆ ಹೋಗದೆ ನೇರ ಶಾಪ್ ಫ್ಲೋರಿಗೆ ಹೋದೆ.

ಮಾವ ಆ ಉಂಗುರವನ್ನು ಅಂಗೈ ಮೇಲಿಟ್ಟು ತೋರಿಸಿದರು. ಅದು ಉಕ್ಕಿನ ದಪ್ಪ ಬಳೆಯಂಥದ್ದು. ಶಾಫ್ಟ್, ಅಂದರೆ ಪಂಪಿನ ತಿರುಗುವ ದಂಡ, ಕೂರುವ ತೂತನ್ನು ಅಳೆಯುವ ಸಾಧನವನ್ನು ಮೊದಲು ಈ ಉಂಗುರದೊಳಗಿಟ್ಟು ಸೊನ್ನೆಗೆ ಹೊಂದಿಸುತ್ತಾರೆ. ಆಯುಧಪೂಜೆಯ ದಿನ ಅಳತೆ ಸಾಧನಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು, ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟಿದ್ದರು. ಪೂಜೆಯಾದ ಮೇಲೆ ಹೊರಮೈ ಒರೆಸಿದ್ದರು. ಒಳಮೈಗೆ ಒಣಗಿದ ಕುಂಕುಮ ತೆಳ್ಳಗೆ ಅಂಟಿತ್ತು. ಅದರಿಂದ ಉಂಗುರ ಕಿರಿದಾಯಿತು. ಕಿರಿದಾದ ಉಂಗುರ ನೋಡಿ ಸೊನ್ನೆ ಹೊಂದಿಸಿದ್ದರಿಂದ ಸರಿಯಾಗಿದ್ದ ತೂತೆಲ್ಲ ದೊಡ್ಡದಾಗಿ ಕಂಡಿತು. ದೊಡ್ಡದಾಯಿತು ಅಂತ ಮಷಿನ್ ತಿದ್ದಿ ಚಿಕ್ಕದು ಮಾಡಿದರು.

"ಹಂಗಾದ್ರೆ ಬುಧವಾರ ಹೋದ ಮಾಲು?"

ಮಾವ ಹತ್ತಿರದ ಡಬ್ಬದ ಮೇಲೆ ಕೂತರು. "ಅದೂ ಅಂಗೇ. ಚೆನ್ನೈ ಗೋಡೌನ್‌ನಲ್ಲಿ ಅದೆ. ಹಡಗು ಅತ್ತಿಲ್ಲ ಇನ್ನೂ."

"ಯಾರು ಹಚ್ಚಿದ್ದು ಕುಂಕುಮ?"

"ನಾನೇ ಕಣ್ ಮಗ. ಇಪ್ಪತ್ತು ವರ್ಷದಿಂದ ನಾನೇ ಹಚ್ಚೋದು. ಆಗ ಸಾಧಾರಣ ಮಾಲು, ಕೂದ್ಲೆಳೆ ಎಚ್ಚುಕಮ್ಮಿ ಆದ್ರೆ ಯಾರೂ ಕೇಳ್ತಿರ್ಲಿಲ್ಲ."

ಆಫೀಸಿಗೆ ಬಂದೆ. ವರದಿಯಲ್ಲಿ ಇದನ್ನು ಬರೆದರೆ ಮಾವನ ತಲೆಗೆ ಬರುತ್ತದೆ. ಬರೆಯದೆ ಹೋದರೆ ಅಲ್ಲಿ ಪಂಪಿನೊಳಗೆ ಶಾಫ್ಟ್ ಕೂರದ ದಿನ ಆ ಸುಳ್ಳನ್ನು ಬರೆದವಳು ನಾನಾಗುತ್ತೇನೆ. ಪ್ರಮಾಣಪತ್ರದ ಮಾತು ಅಲ್ಲಿಗೇ ಮುಗಿಯುತ್ತದೆ.

ಕಂಪ್ಯೂಟರಿಗೆ ಮಾವನ ಸಾಲುಗಳನ್ನು ಹಾಕಿದೆ. ಅಚ್ಚುಕಟ್ಟಾದ ಇಂಗ್ಲಿಷ್ ಬಂತು. ಸ್ವಚ್ಛತೆಯ ಕೆಲಸದ ವೇಳೆ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಕಂಡುಬಂದು ಸರಿಪಡಿಸಲಾಗಿದೆ, ಸಾಗಣೆ ಯೋಜನೆಯಂತೆ ನಡೆದಿದೆ ಎಂಬರ್ಥದ್ದು. ಓದಿದವರಿಗೆ ಕಾಫಿ ಕುಡಿದಷ್ಟು ಹಾಯೆನಿಸಬೇಕು. ಮುಖ್ಯಸ್ಥರಿಗೂ ಹಾಗೇ ಅನ್ನಿಸಿತು.

"ಎಷ್ಟು ಚೆನ್ನಾಗಿದೆ ಅಲ್ಲಮ್ಮ. ಇದನ್ನೇ ಕಳಿಸು. ಹಸಿರು ಹಾಕು."

"ಸಾರ್, ಸರಿಪಡಿಸಿರೋದು ಇಲ್ಲಿರೋ ಉಂಗುರ. ಹೋಗಿರೋ ಮಾಲಲ್ಲ."

"ಮಾಲು ಅಲ್ಲಿಗೆ ಹೋಗೋಕೆ ತಿಂಗಳ ಮೇಲಾಗುತ್ತೆ. ಅಷ್ಟರೊಳಗೆ ಏನಾದ್ರೂ ನೋಡೋಣ. ಕುಂಕುಮ ಗಿಂಕುಮ ಅಂತ ಬರೆದ್ರೆ ಅವರು ನಮ್ಮನ್ನ ಏನು ಅಂದ್ಕೋತಾರೆ?"

"ಸಾರ್, ವರದಿ ಹೋಗೋದು ನಿಮ್ಮ ಹೆಸರಲ್ಲಿ. ಅಲ್ಲಿ ಶಾಫ್ಟ್ ಕೂರದಿದ್ರೆ ಅವರು ಕೇಳೋದು ನಿಮ್ಮನ್ನ, ನನ್ನನ್ನಲ್ಲ. ಈಗ ಹೇಳಿದ್ರೆ ಚೆನ್ನೈಯಿಂದ ವಾಪಸ್ ತರಿಸ್ಬಹುದು. ತೂತು ಚಿಕ್ಕದಾಗಿದೆ ಅಷ್ಟೆ, ಉಜ್ಜಿ ದೊಡ್ಡದು ಮಾಡ್ಬಹುದು. ದೊಡ್ಡದಾಗಿದ್ರೆ ಗುಜರಿಗೇ ಹಾಕ್ಬೇಕಿತ್ತು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನನ್ನಷ್ಟೇ ದಣಿದ ಮನುಷ್ಯ. "ನಿನ್ನ ಮಾವಂದು ಅಂತ ಗೊತ್ತಿದ್ದೂ ಬರೀತೀಯಾ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಮಾವನೇ ಉತ್ತರ ಕೊಟ್ಟರು. "ಬರೀಲಿ ಬುಡಿ ಸಾ. ಕುಂಕುಮ ಅಂತ್ಲೇ ಬರೀಲಿ. ಎಣ್ಣೆ ಅಂತಲೋ ಧೂಳು ಅಂತಲೋ ಬರೆದ್ರೆ, ನಾಳಿಕ್ಕೆ ಎಣ್ಣೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಆಗೆಲ್ಲಿಂದ ತರಾನ?"

ಮುಖ್ಯಸ್ಥರು ಕೈ ಬೀಸಿದರು. ಬರೆಯಿರಿ ಅನ್ನುವ ಹಾಗೆ, ಹೊರಗೆ ನಡೆಯಿರಿ ಅನ್ನುವ ಹಾಗೆ.

ಮೇಲ್ಗಡೆ ಕೆಂಪು ಹಾಕಿದೆ. ಎಐ ಕೊಟ್ಟದ್ದನ್ನು ಅಳಿಸಿ ನನ್ನ ಇಂಗ್ಲಿಷ್‌ನಲ್ಲೇ ಬರೆದೆ. ಗಿಡ್ಡ ಗಿಡ್ಡ ವಾಕ್ಯ. ಸೋಮವಾರದಿಂದ ಗುರುವಾರದವರೆಗೆ ಮಾಡಿದ ಮಾಲಿನಲ್ಲಿ ತೂತು ಕಿರಿದು. ಅದರಲ್ಲಿ ಒಂದು ಲೋಡು ಚೆನ್ನೈಯಲ್ಲಿದೆ, ಹಡಗಿಗೆ ಏರಿಸಬೇಡಿ ಎಂದು ತಿಳಿಸಿದ್ದೇವೆ. ಕಾರಣ, ವರ್ಷಕ್ಕೊಮ್ಮೆ ನಮ್ಮ ಉಪಕರಣಗಳಿಗೆ ಪೂಜೆ ಮಾಡುತ್ತೇವೆ, ಆಗ ಹಚ್ಚಿದ ಕುಂಕುಮ ಉಂಗುರದೊಳಗೆ ಉಳಿದಿತ್ತು. ಯಾರು ಹಚ್ಚಿದರು ಅನ್ನುವುದಕ್ಕೆ ಆ ವರದಿಯಲ್ಲಿ ಜಾಗವಿಲ್ಲ. ಯಾರು ಸರಿಪಡಿಸುತ್ತಾರೆ ಅನ್ನುವುದಕ್ಕೆ ಇದೆ. ಅಲ್ಲಿ ಮಾವನ ಹೆಸರು ಬರೆದೆ.

"ನನ್ನ ಹೆಸ್ರು ಎಲ್ಲಾಕಿದೀಯ, ತೋರ್ಸು," ಅಂದರು. ತೋರಿಸಿದೆ. ಇಂಗ್ಲಿಷ್ ಅಕ್ಷರ ಒಂದೊಂದನ್ನೂ ಕೂಡಿಸಿ ಓದಿಕೊಂಡರು. "ಸರಿ, ಒತ್ತು."

ಉತ್ತರ ಸಂಜೆಯೇ ಬಂತು. ಬೈಗುಳವಿರಲಿಲ್ಲ, ಬೆಣ್ಣೆಯೂ ಇರಲಿಲ್ಲ. ಮೂರು ಪ್ರಶ್ನೆಗಳಿದ್ದವು. ಯಾವ ಯಾವ ಪೆಟ್ಟಿಗೆಗಳು? ಉಂಗುರ ಈಗ ಸರಿಯಿದೆ ಅನ್ನುವುದಕ್ಕೆ ಆಧಾರವೇನು? ಮುಂದಿನ ವರ್ಷ ಪೂಜೆಯ ದಿನ ಏನು ಮಾಡುತ್ತೀರಿ?

ಮೊದಲನೆಯದಕ್ಕೆ ಶನಿವಾರ ಪೂರ್ತಿ ಕೂತು ಪೆಟ್ಟಿಗೆಗಳ ನಂಬರ್ ಕಳಿಸಿದೆವು. ಎರಡನೆಯದಕ್ಕೆ ಉಂಗುರವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದೆವು. ಮೂರನೆಯದಕ್ಕೆ ಮಾವ ನಿಂತ ನಿಲುವಿನಲ್ಲೇ ಹೇಳಿದರು. "ಪೆಟ್ಗೆ ಮುಚ್ಚಳ ಹಾಕಿ, ಮುಚ್ಚಳಕ್ಕೆ ಕುಂಕುಮ ಇಡ್ತೀವಿ. ದೇವ್ರಿಗೆ ಒಳಗಿರೋದು ಕಾಣಲ್ವಾ?" ಕೊನೆಯ ವಾಕ್ಯ ಬಿಟ್ಟು ಉಳಿದದ್ದನ್ನು ಬರೆದೆ. ಮೇಡಂ ಒಪ್ಪಿದರು.

ಚೆನ್ನೈಯ ಮಾಲು ವಾಪಸ್ ಬಂತು. ಮಾವ ಎರಡು ಭಾನುವಾರ ನಿಂತು ಉಜ್ಜಿಸಿ ಸರಿಮಾಡಿಸಿದರು. ಕೆಂಪು ಹಳದಿಯಾಯಿತು, ಹಳದಿ ಹಸಿರಾಗಲು ಇನ್ನೂ ಕೆಲವು ಶುಕ್ರವಾರ ಹಿಡಿಯಿತು. ಅಷ್ಟು ದಿನವೂ ಅದೇ ಕಿತ್ತಾಟ, ಅದೇ ತಣ್ಣನೆಯ ಡಬ್ಬಿ. ಏನೂ ಸುಲಭವಾಗಲಿಲ್ಲ. ಒಂದು ವ್ಯತ್ಯಾಸ ಮಾತ್ರ ಆಯಿತು. ಮಾವ ತೊಂದರೆಯನ್ನು ಮೊದಲ ಸಾಲಿಗೆ ಹಾಕತೊಡಗಿದರು.

ಪ್ರಮಾಣಪತ್ರ ಬಂದ ದಿನ ಸಭೆ ಇರಲಿಲ್ಲ, ಹಾರವಿರಲಿಲ್ಲ. ಬೆಳಿಗ್ಗೆ ಮೇಲ್ ಬಂತು. ಮುಖ್ಯಸ್ಥರು ಅದನ್ನು ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ, ಶಾಪ್ ಫ್ಲೋರಿಗೆ ಬಂದು, ಓಡುತ್ತಿದ್ದ ಮಷಿನ್‌ಗಳ ನಡುವೆ ಮಾವನ ಕೈಗೆ ಕೊಟ್ಟರು. "ನೀವೇ ಕೊಡ್ರಿ. ಅರ್ಧ ಬರೆದೋರು ನೀವೇ," ಅಂದರು. ಇನ್ನು ಮುಂದೆ ವರದಿಯ ಕೆಳಗೆ ನನ್ನ ಹೆಸರು.

ಮಾವ ಬಟ್ಟೆ ಚೂರಿನಿಂದ ಬೆರಳು ಬೆರಳೂ ಒರೆಸಿಕೊಂಡು, ಕಾಗದದ ಅಂಚು ಹಿಡಿದು ನನ್ನ ಕಡೆ ಚಾಚಿದರು.

"ತಗೋ ಮಗ. ಇನ್ಮೇಲೆ ಬೈಸ್ಕೊಳೋಳು ನೀನೇ."